ರೆಕ್ಕೆ ತಿರುಗುತ್ತದೆ, ತಲೆ ಹೊರಳುವುದಿಲ್ಲ: ಹಳೆಯ ಟೇಬಲ್ ಫ್ಯಾನೊಂದರ ಗೇರ್ ದುರಸ್ತಿ

ಕುಂಬಳೆಯಲ್ಲಿ ಕಡಲಿಗೆ ಹತ್ತಿರವಿರುವ ದೊಡ್ಡಮ್ಮನ ಮನೆಯ ಟೇಬಲ್ ಫ್ಯಾನ್ 400 ಮಿಲಿಮೀಟರ್ ಅಳತೆಯದು. ಅದರ ಬುಡ, ಕುತ್ತಿಗೆ, ಗೇರ್ ಬಾಕ್ಸ್ ಎಲ್ಲವೂ ಲೋಹದವು. ಎರಡು ಮಂಚಗಳಿಗೆ ಒಂದೇ ಫ್ಯಾನ್ ಇರುವುದರಿಂದ ಅದು ಅತ್ತಿತ್ತ ಹೊರಳದಿದ್ದರೆ ಒಬ್ಬರು ಸೆಕೆಯಲ್ಲೇ ಮಲಗಬೇಕಾಗುತ್ತದೆ. ಮೊದಮೊದಲು ಅದು ನಡುವಿನಿಂದ ಸ್ವಲ್ಪ ಎಡಕ್ಕೆ ಬಂದಾಗ, ಪ್ರತಿ ಸಲವೂ ಅದೇ ಜಾಗದಲ್ಲಿ, ಒಂದು ಕ್ಷಣ ನಿಂತು ನಡುಗಿ ಮುಂದೆ ಹೋಗುತ್ತಿತ್ತು. ಆಮೇಲೆ ಅಲ್ಲಿಯೇ ನಿಲ್ಲತೊಡಗಿತು. ಕೈಯಿಂದ ಸ್ವಲ್ಪ ತಳ್ಳಿದರೆ ಮುಂದುವರಿಯುತ್ತಿತ್ತು. ಕೊನೆಗೆ ತಳ್ಳಿದರೂ ಹೊರಳಲಿಲ್ಲ. ರೆಕ್ಕೆಗಳು ಮಾತ್ರ ಮೂರೂ ವೇಗಗಳಲ್ಲಿ ಸರಿಯಾಗಿ ತಿರುಗುತ್ತಿದ್ದವು. ಅಂದರೆ ಮೋಟಾರಿನಲ್ಲಾಗಲಿ ಕೆಪಾಸಿಟರಿನಲ್ಲಾಗಲಿ ದೋಷವಿಲ್ಲ. ಮೋಟಾರಿನ ಹಿಂಬದಿಯಿಂದ ಕುತ್ತಿಗೆಯವರೆಗಿನ ಹಾದಿಯಲ್ಲಿ ಎಲ್ಲೋ ಏನೋ ಕಡಿದಿದೆ.

ಆ ಹಾದಿಯನ್ನು ಮೊದಲು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ದೋಷ ಹುಡುಕುವ ಕೆಲಸ ಅರ್ಧ ಮುಗಿದಂತೆ. ಮೋಟಾರಿನ ಶಾಫ್ಟಿನ ಹಿಂತುದಿಯಲ್ಲಿ ಸ್ಕ್ರೂವಿನ ಹಾಗೆ ಸುರುಳಿಯಾಗಿ ಕಡೆದ ಭಾಗವೊಂದಿರುತ್ತದೆ. ಅದನ್ನು ವರ್ಮ್ ಎನ್ನುತ್ತಾರೆ. ಅದು ಗೇರ್ ಬಾಕ್ಸಿನೊಳಗೆ ಅಡ್ಡಲಾಗಿ ಮಲಗಿದ ಒಂದು ನೈಲಾನ್ ಚಕ್ರವನ್ನು ತಿರುಗಿಸುತ್ತದೆ. ಈ ಚಕ್ರದ ನಡುವೆ ನೆಟ್ಟಗೆ ನಿಂತ ಉಕ್ಕಿನ ಸ್ಪಿಂಡಲ್ ಹಾದುಹೋಗುತ್ತದೆ. ಆದರೆ ಚಕ್ರ ಅದಕ್ಕೆ ಅಂಟಿಕೊಂಡಿರುವುದಿಲ್ಲ, ಅದರ ಸುತ್ತ ಸಡಿಲವಾಗಿ ತಿರುಗಬಲ್ಲದು. ಎರಡನ್ನೂ ಜೋಡಿಸುವುದು ಸ್ಪಿಂಡಲಿಗೆ ಅಡ್ಡಲಾಗಿ ಹೊಡೆದ ಒಂದು ಸಣ್ಣ ಪಿನ್. ನಾವು ಹೊರಗಿನಿಂದ ನಾಬ್ ಒತ್ತಿದಾಗ ಸ್ಪಿಂಡಲ್ ಕೆಳಗಿಳಿದು, ಪಿನ್ನಿನ ಎರಡು ತುದಿಗಳು ಚಕ್ರದ ಮೇಲ್ಮೈಯಲ್ಲಿರುವ ಸೀಳಿನೊಳಗೆ ಕೂರುತ್ತವೆ. ಆಗ ಚಕ್ರದ ಜೊತೆಗೆ ಸ್ಪಿಂಡಲೂ ತಿರುಗುತ್ತದೆ. ನಾಬ್ ಎತ್ತಿದರೆ ಪಿನ್ ಸೀಳಿನಿಂದ ಹೊರಬಂದು, ಚಕ್ರ ಮಾತ್ರ ತಿರುಗುತ್ತಿರುತ್ತದೆ. ಸ್ಪಿಂಡಲಿನ ಕೆಳತುದಿಯ ಸಣ್ಣ ಹಲ್ಲುಗಳು ಒಂದು ದೊಡ್ಡ ಗೇರನ್ನು ತಿರುಗಿಸುತ್ತವೆ. ಆ ಗೇರಿನ ಕೆಳಗೆ, ಬಾಕ್ಸಿನ ಹೊರಗೆ, ಕ್ರ್ಯಾಂಕ್ ಇರುತ್ತದೆ. ಕ್ರ್ಯಾಂಕಿನಿಂದ ಫ್ಯಾನಿನ ಕುತ್ತಿಗೆಗೆ ಒಂದು ಲಿಂಕ್ ಪಟ್ಟಿ. ಕುತ್ತಿಗೆ ಅಲುಗಾಡದ ಕಾರಣ ಕ್ರ್ಯಾಂಕ್ ತಿರುಗಿದಂತೆ ತಲೆಯೇ ಅತ್ತಿತ್ತ ಹೊರಳಬೇಕಾಗುತ್ತದೆ. ಹೊಸ ಫ್ಯಾನುಗಳಲ್ಲಿ ಪಿನ್ನಿನ ಬದಲು ಸ್ಪ್ರಿಂಗ್ ಒತ್ತಿದ ಉಕ್ಕಿನ ಗುಂಡುಗಳಿರುವುದೂ ಉಂಟು. ಅಂಥವು ಭಾರ ಮೀರಿದಾಗ ಟಿಕ್ ಟಿಕ್ ಎಂದು ಜಾರಿ ಗೇರನ್ನು ಉಳಿಸುತ್ತವೆ. ಈ ಹಳೆಯ ಪಿನ್ನಿಗೆ ಜಾರುವ ಗುಣವಿಲ್ಲ. ಅದು ಭಾರ ಹೊರುತ್ತದೆ ಇಲ್ಲವೇ ಮುರಿಯುತ್ತದೆ.

ಏನನ್ನೂ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ನಾಬ್ ಒತ್ತಿ, ಫ್ಯಾನ್ ಹಾಕಿ, ನಾಬಿನ ಮೇಲೊಂದು ಸಣ್ಣ ಗುರುತು ಮಾಡಿ ನೋಡಬೇಕು. ಈ ಬಗೆಯ ಫ್ಯಾನಿನಲ್ಲಿ ನಾಬ್ ಸ್ಪಿಂಡಲಿನ ತುದಿಗೇ ಇರುವುದರಿಂದ ಅದೂ ತಿರುಗಬೇಕು. ನಾಬ್ ತಿರುಗುತ್ತಿದ್ದು ತಲೆ ಹೊರಳದಿದ್ದರೆ ದೋಷ ಕೆಳಗಿದೆ ಎಂದರ್ಥ: ಕ್ರ್ಯಾಂಕಿನ ಸ್ಕ್ರೂ ಸಡಿಲವಾಗಿರಬಹುದು, ಲಿಂಕ್ ಕಳಚಿರಬಹುದು, ಕೆಳಗಿನ ದೊಡ್ಡ ಗೇರ್ ಸವೆದಿರಬಹುದು. ನಾಬೂ ತಿರುಗದಿದ್ದರೆ ದೋಷ ಮೇಲೆಯೇ, ನೈಲಾನ್ ಚಕ್ರದಲ್ಲಿ ಅಥವಾ ಪಿನ್ನಿನಲ್ಲಿ. ದೊಡ್ಡಮ್ಮನ ಫ್ಯಾನಿನ ನಾಬ್ ಕದಲಲಿಲ್ಲ. ಚಕ್ರದ ಹಲ್ಲು ಹೋದರೂ ಪಿನ್ ಮುರಿದರೂ ಹೊರಗೆ ಕಾಣುವ ಲಕ್ಷಣ ಒಂದೇ ಆದ್ದರಿಂದ ಮುಂದಿನದಕ್ಕೆ ಬಾಕ್ಸ್ ಬಿಚ್ಚಲೇಬೇಕಾಯಿತು.

ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಕೆಲಸವಿದೆ. ನನ್ನ ಅನುಭವದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಪ್ಲಗ್ ಕಿತ್ತು, ಲಿಂಕ್ ಪಟ್ಟಿಯ ಸ್ಕ್ರೂ ಬಿಚ್ಚಿ, ಪಟ್ಟಿಯನ್ನು ಕ್ರ್ಯಾಂಕಿನಿಂದ ಬೇರ್ಪಡಿಸಿದ ಮೇಲೆ ತಲೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಈಗ ಗೇರಿಗೂ ತಲೆಗೂ ಸಂಬಂಧವಿಲ್ಲ. ಒಂದು ಬೆರಳಿನಿಂದ ತಳ್ಳಿದರೆ ತಲೆ ಈ ತುದಿಯಿಂದ ಆ ತುದಿಗೆ ಸರಾಗವಾಗಿ ಹೋಗಬೇಕು. ಈ ಫ್ಯಾನಿನಲ್ಲಿ ಹಾಗಾಗಲಿಲ್ಲ. ಬುಡವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಒತ್ತಬೇಕಾಯಿತು, ನಡುವಿನಿಂದ ಸ್ವಲ್ಪ ಎಡಕ್ಕೆ ಬಂದಾಗ ಒಂದು ಬಿಗಿಯಾದ ಜಾಗವೂ ಕೈಗೆ ತಿಳಿಯಿತು. ಜಾಲರಿಯ ಅಂಚಿಗೆ ದಾರ ಕಟ್ಟಿ, ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿದೆ. ಬಿಗಿಯಾದ ಆ ಜಾಗದಲ್ಲಿ ಸುಮಾರು ಎರಡು ಕಿಲೋದಷ್ಟು ಎಳೆತ ಬೇಕಾಯಿತು. ಫ್ಯಾನ್ ನಿಂತು ನಡುಗುತ್ತಿದ್ದ ಜಾಗವೂ ಅದೇ.

ಗೇರ್ ಬಾಕ್ಸ್ ತೆಗೆಯಲು ಮುಂದಿನ ಜಾಲರಿಯನ್ನೂ ರೆಕ್ಕೆಯನ್ನೂ ಬಿಚ್ಚಬೇಕಾಗಿಲ್ಲ. ನಾಬಿನ ಸ್ಕ್ರೂ ತೆಗೆದು ನಾಬನ್ನು ಮೇಲಕ್ಕೆ ಕಿತ್ತು, ಹಿಂಬದಿಯ ಮುಚ್ಚಳವನ್ನು ಬಿಚ್ಚಿದರೆ ಬಾಕ್ಸ್ ಎದುರಿಗೇ ಕಾಣುತ್ತದೆ. ಇಲ್ಲಿ ಎರಡು ಬಗೆಯ ಸ್ಕ್ರೂಗಳಿರುತ್ತವೆ ಎಂಬುದನ್ನು ಗಮನಿಸಬೇಕು. ಗೇರ್ ಬಾಕ್ಸನ್ನು ಹಿಡಿದಿರುವವು ಒಂದು ಬಗೆ; ಮೋಟಾರಿನ ಮುಂದಿನ ಹಾಗೂ ಹಿಂದಿನ ಹೋಳುಗಳನ್ನು ಒಟ್ಟಿಗೆ ಬಿಗಿದಿರುವ ನಾಲ್ಕು ಉದ್ದ ಸ್ಕ್ರೂಗಳು ಇನ್ನೊಂದು. ಎರಡನೆಯವುಗಳನ್ನು ಮುಟ್ಟಬಾರದು. ಅವು ಸಡಿಲವಾದರೆ ಶಾಫ್ಟನ್ನು ಎರಡೂ ಕಡೆ ಹೊತ್ತಿರುವ ಬುಷ್‌ಗಳ ನೇರ ತಪ್ಪಿ, ಮರಳಿ ಬಿಗಿದಾಗ ಶಾಫ್ಟ್ ಹಿಡಿದುಕೊಳ್ಳುವ ಸಂಭವವಿದೆ, ಅದನ್ನು ಸರಿಪಡಿಸುವುದು ಗೇರ್ ಬದಲಿಸುವುದಕ್ಕಿಂತ ಹೆಚ್ಚು ತಾಳ್ಮೆಯ ಕೆಲಸ. ಬಾಕ್ಸನ್ನು ಹಿಂದಕ್ಕೆ ಎಳೆಯುವಾಗ ರೆಕ್ಕೆಯನ್ನು ನಿಧಾನವಾಗಿ ಕೈಯಿಂದ ತಿರುಗಿಸುತ್ತಿದ್ದರೆ ವರ್ಮ್ ಹಲ್ಲುಗಳಿಂದ ತಾನಾಗಿ ಬಿಡಿಸಿಕೊಂಡು ಬರುತ್ತದೆ. ಕೆಪಾಸಿಟರ್ ಈ ಕೆಲಸಕ್ಕೆ ಅಡ್ಡ ಬರಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿಯಬಹುದಾದ್ದರಿಂದ ಅದರ ತಂತಿಗಳ ತುದಿಗೆ ಕೈ ತಾಗಿಸದೆ ಇರುವುದು ಒಳ್ಳೆಯದು.

ಬಾಕ್ಸಿನ ಮುಚ್ಚಳ ತೆಗೆದಾಗ ಗ್ರೀಸ್ ಇರಬೇಕಾದಲ್ಲಿ ಕಂದು ಬಣ್ಣದ, ಹಲಸಿನ ಮೇಣದಷ್ಟು ಅಂಟಾದ ಪದಾರ್ಥವಿತ್ತು. ಅದರೊಳಗೆ ಬಿಳಿಯ ಪುಡಿ. ಅದು ಸವೆದ ನೈಲಾನ್. ನಾಬಿನ ಸಂದಿನಿಂದ ಆಗಾಗ ಎಣ್ಣೆ ಬಿಟ್ಟಿದ್ದರೇ ಎಂದು ದೊಡ್ಡಮ್ಮನನ್ನು ಕೇಳಿದೆ. "ಹೌದು ಮಗಾ, ಕಿರಿಕಿರಿ ಶಬ್ದ ಬರುವಾಗಲೆಲ್ಲ ತೆಂಗಿನೆಣ್ಣೆ ಬಿಡುತ್ತಿದ್ದೆ," ಎಂದರು. ನಮ್ಮೂರಿನಲ್ಲಿ ಎಲ್ಲ ಮನೆಗಳಲ್ಲೂ ಕೈಗೆ ಮೊದಲು ಸಿಗುವ ಎಣ್ಣೆ ಅದೇ. ಆದರೆ ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದಂತೆ ಧೂಳು ಹಿಡಿದು ಗಟ್ಟಿಯಾಗುತ್ತದೆ, ಇದ್ದ ಗ್ರೀಸನ್ನೂ ಹಲ್ಲುಗಳಿಂದ ತೊಳೆದು ಕೆಳಗಿಳಿಸುತ್ತದೆ.

ನೈಲಾನ್ ಚಕ್ರವನ್ನು ಒರೆಸಿ ಬೆಳಕಿಗೆ ಹಿಡಿದಾಗ ಕಂಡದ್ದು ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಕುತೂಹಲದ ಸಂಗತಿ. ಮೂವತ್ತಾರು ಹಲ್ಲುಗಳಲ್ಲಿ ಸವೆತ ಸಮನಾಗಿ ಹರಡಿರಲಿಲ್ಲ. ಒಂದು ಕಡೆ ಒತ್ತೊತ್ತಾಗಿ ಆರು ಹಲ್ಲುಗಳು ಬುಡದವರೆಗೆ ಹೋಗಿದ್ದವು. ಬೇರೊಂದು ಕಡೆ ಕೆಲವು ಹಲ್ಲುಗಳ ತುದಿ ಕಾಗದದಷ್ಟು ತೆಳ್ಳಗಾಗಿತ್ತು. ಉಳಿದವುಗಳಲ್ಲಿ ನಡುವೆ ಒಂದು ಸಣ್ಣ ತಗ್ಗು ಬಿಟ್ಟರೆ ಹೆಚ್ಚಿನ ಹಾನಿ ಇರಲಿಲ್ಲ. ಕಾರಣ ಲೆಕ್ಕದಲ್ಲಿದೆ. ವರ್ಮಿಗೆ ಒಂದೇ ಸುರುಳಿ ಇರುವುದರಿಂದ ರೆಕ್ಕೆ 36 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಸ್ಪಿಂಡಲಿನ ಕೆಳಗೆ 8 ಹಲ್ಲುಗಳು, ದೊಡ್ಡ ಗೇರಿನಲ್ಲಿ 56. ಅಂದರೆ ಚಕ್ರದ ಸರಿಯಾಗಿ ಏಳು ಸುತ್ತುಗಳಿಗೆ ಕ್ರ್ಯಾಂಕಿನ ಒಂದು ಸುತ್ತು. ಒಟ್ಟಿನಲ್ಲಿ ರೆಕ್ಕೆ 252 ಸುತ್ತು ತಿರುಗಿದರೆ ತಲೆ ಒಮ್ಮೆ ಹೋಗಿ ಬರುತ್ತದೆ. ನಿಮಿಷಕ್ಕೆ 1300ರ ಆಸುಪಾಸಿನಲ್ಲಿ ತಿರುಗುವ ರೆಕ್ಕೆಗೆ ಇದು ನಿಮಿಷಕ್ಕೆ ಐದು ಹೊರಳಾಟದ ಲೆಕ್ಕ. ಇಲ್ಲಿ ಮುಖ್ಯವಾದದ್ದು ಆ ಏಳು ಎಂಬ ಪೂರ್ಣಸಂಖ್ಯೆ. ಶೇಷವಿಲ್ಲದೆ ಭಾಗವಾಗುವುದರಿಂದ, ತಲೆ ಕುತ್ತಿಗೆಯ ಬಿಗಿಯಾದ ಜಾಗಕ್ಕೆ ಬರುವಾಗಲೆಲ್ಲ ವರ್ಮಿನ ಎದುರಿಗೆ ಬರುವುದು ಚಕ್ರದ ಅವೇ ಹಲ್ಲುಗಳು. ಹೋಗುವಾಗ ಒಂದು ಗುಂಪು, ಅದೇ ಜಾಗವನ್ನು ಹಾದು ಮರಳುವಾಗ ಇನ್ನೊಂದು ಗುಂಪು. ಸವೆತ ಎರಡು ಕಡೆ ಮಾತ್ರ ಯಾಕಿತ್ತು ಎಂಬುದಕ್ಕೆ ಉತ್ತರ ಇದು. ನಾಬನ್ನು ಆಗಾಗ ಎತ್ತಿ ಒತ್ತುತ್ತಿದ್ದರೆ ಪಿನ್ ಸೀಳಿನಲ್ಲಿ ಅರ್ಧ ಸುತ್ತು ಬದಲಾಗಿ ಕೂರುವ ಅವಕಾಶವಿದ್ದು, ಭಾರ ಬೇರೆ ಹಲ್ಲುಗಳಿಗೂ ಹಂಚಿಹೋಗುತ್ತಿತ್ತು. ಈ ಮನೆಯಲ್ಲಿ ನಾಬನ್ನು ಎತ್ತಿದ್ದೇ ಇಲ್ಲ. "ಅದನ್ನು ಎತ್ತಲಿಕ್ಕೆ ಉಂಟೆಂದು ಯಾರೂ ಹೇಳಲಿಲ್ಲ. ಗುಡಿಸುವಾಗ ಫ್ಯಾನಿನ ತಲೆಯನ್ನು ಕೈಯಲ್ಲೇ ಆಚೆ ತಿರುಗಿಸುವುದು," ಎಂದರು ದೊಡ್ಡಮ್ಮ.

ಪಿನ್ ಮುರಿದ ಕಥೆಯೂ ಅಲ್ಲೇ ಇತ್ತು. ಸ್ಪಿಂಡಲ್ ಆರು ಮಿಲಿಮೀಟರ್ ದಪ್ಪ. ಪಿನ್ ಎರಡು ಮಿಲಿಮೀಟರ್ ದಪ್ಪ, ಹನ್ನೆರಡು ಮಿಲಿಮೀಟರ್ ಉದ್ದ. ಎರಡೂ ಕಡೆ ಮೂರು ಮಿಲಿಮೀಟರ್ ಹೊರಚಾಚಿರಬೇಕು. ಈಗ ಎರಡೂ ತುದಿಗಳು ಸ್ಪಿಂಡಲಿನ ಮೈಯ ಮಟ್ಟಕ್ಕೇ ಕತ್ತರಿಸಿದಂತೆ ತುಂಡಾಗಿದ್ದವು. ಭೂತಗನ್ನಡಿಯಿಂದ ನೋಡಿದಾಗ ಒಂದು ಮುರಿತದ ಮುಖ ಕಪ್ಪಾಗಿ, ಉಜ್ಜಿ ನುಣುಪಾಗಿತ್ತು. ಇನ್ನೊಂದು ಬೂದು ಬಣ್ಣದಲ್ಲಿ ಹೊಸದಾಗಿ ಹೊಳೆಯುತ್ತಿತ್ತು. ಒಂದು ತುದಿ ಬಹಳ ಹಿಂದೆಯೇ ಮುರಿದು, ಫ್ಯಾನ್ ಒಂಟಿ ತುದಿಯ ಬಲದಲ್ಲೇ ಹೊರಳುತ್ತಿತ್ತು ಎಂದು ಇದರಿಂದ ತಿಳಿಯುತ್ತದೆ. ಒಂದೇ ಕಡೆಯಿಂದ ತಳ್ಳಿಸಿಕೊಂಡ ಚಕ್ರ ಸ್ವಲ್ಪ ವಾಲುತ್ತದೆ, ವಾಲಿದ ಚಕ್ರದ ಹಲ್ಲುಗಳು ಬೇಗ ಸವೆಯುತ್ತವೆ. ವರ್ಮ್ ಚಕ್ರವನ್ನು ತಿರುಗಿಸಬಲ್ಲದೇ ಹೊರತು ಚಕ್ರ ವರ್ಮನ್ನು ತಿರುಗಿಸಲಾರದು. ಆದ್ದರಿಂದ ನಾಬ್ ಕೆಳಗಿರುವಾಗ ತಲೆಯನ್ನು ಕೈಯಿಂದ ತಿರುಗಿಸಿದರೆ ಆ ಬಲವೆಲ್ಲ ಪಿನ್ನಿನ ಮೇಲೂ ನಾಲ್ಕಾರು ನೈಲಾನ್ ಹಲ್ಲುಗಳ ಮೇಲೂ ಬೀಳುತ್ತದೆ. ಫ್ಯಾನ್ ನಿಂತಾಗ ತಳ್ಳಿದ ಕೈಯೇ ಎರಡನೆಯ ತುದಿಯನ್ನು ಮುರಿದಿರಬೇಕು ಎಂದು ನನ್ನ ಎಣಿಕೆ.

ಮುರಿದ ಎರಡು ಚೂರುಗಳೂ ಸಿಗುವವರೆಗೆ ನಾನು ಬಾಕ್ಸ್ ತೊಳೆಯಲಿಲ್ಲ. ಗ್ರೀಸಿನಲ್ಲಿ ಉಳಿದ ಮೂರು ಮಿಲಿಮೀಟರ್ ಉಕ್ಕು ಹೊಸ ಚಕ್ರದ ಹಲ್ಲಿಗೂ ವರ್ಮಿಗೂ ನಡುವೆ ಸಿಕ್ಕಿದರೆ ಮಾಡಿದ ಕೆಲಸವೆಲ್ಲ ಒಂದೇ ಸಂಜೆಯಲ್ಲಿ ಹಾಳಾಗುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಗ್ರೀಸಿನಲ್ಲಿ ಆಡಿಸಿದಾಗ ಒಂದು ಚೂರು ತಳದಿಂದ ಬಂತು. ಇನ್ನೊಂದು ಚಕ್ರದ ಸೀಳಿನ ಮೂಲೆಯಲ್ಲಿ ಒತ್ತಿಕೊಂಡಿತ್ತು. ಸ್ಪಿಂಡಲಿನೊಳಗಿನ ತುಂಡನ್ನು ಹೊರಕ್ಕೆ ಹೊಡೆದು ಮೂರನ್ನೂ ಸಾಲಾಗಿ ಇಟ್ಟು ಅಳೆದಾಗ ಹನ್ನೆರಡು ಮಿಲಿಮೀಟರ್ ಬಂತು. ಇನ್ನೇನೂ ಒಳಗೆ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ.

ಒಳಗಿನ ತುಂಡನ್ನು ಹೊಡೆಯುವಾಗ ಸ್ಪಿಂಡಲನ್ನು ಬರಿಯ ವೈಸಿನಲ್ಲಿ ಹಿಡಿಯಬಾರದು, ಮೈಗೆ ಗಾಯವಾದರೆ ಅದು ಬುಷ್‌ನೊಳಗೆ ಸರಾಗವಾಗಿ ಜಾರುವುದಿಲ್ಲ. ಗಟ್ಟಿ ಮರದ ತುಂಡಿನಲ್ಲಿ ಉದ್ದಕ್ಕೊಂದು ಕಾಲುವೆ ಕೊರೆದು ಅದರಲ್ಲಿ ಸ್ಪಿಂಡಲನ್ನು ಮಲಗಿಸಿ, ಪಿನ್ ಬೀಳುವಲ್ಲಿ ಒಂದು ತೂತು ಮಾಡಿ, ಒಂದೂವರೆ ಮಿಲಿಮೀಟರ್ ಪಂಚಿನಿಂದ ಸಣ್ಣ ಸುತ್ತಿಗೆಯಲ್ಲಿ ಹೊಡೆದೆ. ಹೊಸ ಪಿನ್ನಿಗೆ ನಾನು ಆರಿಸಿದ್ದು ಸೈಕಲ್ ಚಕ್ರದ ಕಡ್ಡಿ. ಹದಿನಾಲ್ಕು ಗೇಜಿನ ಕಡ್ಡಿ ಸರಿಯಾಗಿ ಎರಡು ಮಿಲಿಮೀಟರ್ ದಪ್ಪವಿರುತ್ತದೆ, ಮತ್ತು ಎಳೆತ ತಡೆಯುವುದಕ್ಕಾಗಿಯೇ ತಯಾರಾದ ತಂತಿಯಾದ್ದರಿಂದ ಬಿರುಸಾಗಿಯೂ ಇರುತ್ತದೆ. ಮೊಳೆ ತೀರ ಮೆದು, ಕೆಲವೇ ದಿನಗಳಲ್ಲಿ ಬಾಗುತ್ತದೆ. ಡ್ರಿಲ್ ಬಿಟ್ಟಿನ ತುಂಡು ಅತಿ ಗಟ್ಟಿಯಾದ ಕಾರಣ ಗಾಜಿನಂತೆ ಚಟಕ್ಕನೆ ಮುರಿಯಬಹುದು. ಕಡ್ಡಿಯ ನೇರವಾದ ಭಾಗದಿಂದ ಸ್ವಲ್ಪ ಉದ್ದಕ್ಕೇ ಕತ್ತರಿಸಿ, ಅರದಿಂದ ಎರಡೂ ತುದಿಗಳ ಅಂಚು ಉರುಟು ಮಾಡಿ, ಹನ್ನೆರಡು ಮಿಲಿಮೀಟರಿಗೆ ತಂದೆ. ತೂತಿನಲ್ಲಿ ಅದು ಸುತ್ತಿಗೆಯ ಹಗುರವಾದ ಏಟಿಗೆ ಮಾತ್ರ ಹೋಗುವಷ್ಟು ಬಿಗಿಯಿರಬೇಕು. ಕೈಯಲ್ಲೇ ಜಾರಿಹೋಗುವಂತಿದ್ದರೆ ತೂತು ಹಿಗ್ಗಿದೆ ಎಂದರ್ಥ, ಆಗ ಕಡ್ಡಿಯ ನಡುಭಾಗವನ್ನು ಸುತ್ತಿಗೆಯಿಂದ ಕಂಡೂಕಾಣದಷ್ಟು ಚಪ್ಪಟೆ ಮಾಡಿ ಬಿಗಿ ತರಿಸಬಹುದು. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಸಮವಾಗಿ ಚಾಚಿದೆಯೇ ಎಂದು ವರ್ನಿಯರಿನಿಂದ ನೋಡಿಕೊಂಡೆ. ಒಂದು ಕಡೆ ಹೆಚ್ಚಿದ್ದರೆ ಅದು ಮತ್ತೆ ಒಂಟಿ ತುದಿಯ ಕಥೆಯೇ.

ನೈಲಾನ್ ಚಕ್ರಕ್ಕಾಗಿ ಕಾಸರಗೋಡು ಪೇಟೆಗೆ ಹಳೆಯ ಚಕ್ರವನ್ನು ಹಿಡಿದುಕೊಂಡೇ ಹೋದೆ. "ಗೇರ್ ಮಾತ್ರ ಸಿಗುವುದು ಕಷ್ಟ ಮಾರಾಯ್ರೆ, ಬಾಕ್ಸ್ ಸೆಟ್ಟೇ ತೆಗೆದುಕೊಳ್ಳಿ," ಎಂದು ಅಂಗಡಿಯವರು ಮೊದಲು ಹೇಳಿದರೂ ಒಂದು ಡಬ್ಬಿ ತುಂಬ ಬಿಡಿ ಗೇರುಗಳನ್ನು ಮುಂದಿಟ್ಟರು. ಅದರಲ್ಲಿ ಮೂವತ್ತಾರು ಹಲ್ಲಿನವು ಹಲವಿದ್ದವು, ಆದರೆ ಹಲ್ಲುಗಳ ಸಂಖ್ಯೆ ಒಂದೇ ನೋಡಿದರೆ ಸಾಲದು. ಹೊರ ಅಗಲ, ನಡುವಿನ ತೂತು, ದಪ್ಪ, ಸೀಳಿನ ಅಗಲ ಇವಿಷ್ಟೂ ಹೊಂದಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಲ್ಲುಗಳು ವಾಲಿರುವ ದಿಕ್ಕು ಒಂದೇ ಆಗಿರಬೇಕು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಎರಡರ ಹಲ್ಲುಗಳೂ ಒಂದೇ ಕಡೆಗೆ ಓರೆಯಾಗಿರಬೇಕು. ವಿರುದ್ಧ ಓರೆಯ ಚಕ್ರ ವರ್ಮಿನ ಮೇಲೆ ಕೂರುವುದೇ ಇಲ್ಲ. ಬಲವಂತವಾಗಿ ಕೂರಿಸಿದರೆ ಕೆಲವೇ ನಿಮಿಷಗಳಲ್ಲಿ ಪುಡಿಯಾಗುತ್ತದೆ. ಎಲ್ಲವೂ ಹೊಂದಿದ ಒಂದು ಚಕ್ರ ಡಬ್ಬಿಯ ತಳದಲ್ಲಿ ಸಿಕ್ಕಿತು.

ಈಗ ಕುತ್ತಿಗೆ. ಇದನ್ನು ಬಿಟ್ಟು ಗೇರ್ ಮಾತ್ರ ಹಾಕಿದ್ದರೆ ಅವೇ ಆರು ಹಲ್ಲುಗಳ ಜಾಗದಲ್ಲಿ ಹೊಸ ಚಕ್ರವೂ ಸವೆಯುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತಲೆಯ ಕೆಳಗಿನ ಉಕ್ಕಿನ ಗೂಟ ಕುತ್ತಿಗೆಯ ತೂತಿನೊಳಗೆ ತಿರುಗುತ್ತದೆ. ಒಂದು ಸಣ್ಣ ಸ್ಕ್ರೂ ಅದು ಮೇಲೆ ಬಾರದಂತೆ ತಡೆಯುತ್ತದೆ. ಆ ಸ್ಕ್ರೂ ತುಕ್ಕು ಹಿಡಿದಿದ್ದರಿಂದ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಟ್ಟ ಮೇಲೆ ಬಿಚ್ಚಿತು. ಬುಡದಿಂದ ಮೋಟಾರಿಗೆ ಹೋಗುವ ತಂತಿಗಳು ಕುತ್ತಿಗೆಯ ಒಳಗಿನಿಂದಲೇ ಹಾದುಹೋಗುವುದರಿಂದ ತಲೆಯನ್ನು ಪೂರ್ತಿ ಕೀಳದೆ, ಗೂಟ ಕಾಣುವಷ್ಟು ಮಾತ್ರ ಎತ್ತಿ, ಇಬ್ಬರು ಹಿಡಿದುಕೊಂಡು ಕೆಲಸ ಮಾಡಿದೆವು. ಕಡಲಗಾಳಿಯ ಉಪ್ಪು ಗೂಟದ ಒಂದು ಪಕ್ಕದಲ್ಲಿ ಉಗುರಿನಷ್ಟು ಅಗಲದ ತುಕ್ಕಿನ ಗಂಟನ್ನು ಎಬ್ಬಿಸಿತ್ತು. ಬಿಗಿಯಾದ ಜಾಗಕ್ಕೆ ಅದೇ ಕಾರಣ. 400 ನಂಬರಿನ ಎಮರಿ ಕಾಗದವನ್ನು ಗೂಟದ ಸುತ್ತ ಪಟ್ಟಿಯಂತೆ ಎಳೆದು ನುಣುಪಾಗಿಸಿ, ಅದೇ ಕಾಗದವನ್ನು ಬೆರಳಿಗೆ ಸುತ್ತಿ ತೂತಿನ ಒಳಮೈಯನ್ನೂ ಉಜ್ಜಿ, ಸೀಮೆಎಣ್ಣೆಯ ಬಟ್ಟೆಯಿಂದ ಪುಡಿಯೆಲ್ಲ ತೆಗೆದ ಮೇಲೆ ಲಿಥಿಯಂ ಗ್ರೀಸ್ ಹಚ್ಚಿ ಕೂರಿಸಿದೆ. ತಂತಿಗಳ ಮೇಲಿನ ಹೊದಿಕೆ ಬಾಗುವ ಜಾಗದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಆಗಲೇ ನೋಡಿಕೊಂಡೆ, ಬಿಟ್ಟಿರಲಿಲ್ಲ. ದಾರ ಕಟ್ಟಿ ಮತ್ತೆ ಎಳೆದಾಗ ತಕ್ಕಡಿಯ ಮುಳ್ಳು ಕಾಲು ಕಿಲೋ ದಾಟಲಿಲ್ಲ, ಬಿಗಿಯಾದ ಜಾಗ ಎಲ್ಲೂ ಇರಲಿಲ್ಲ.

ಜೋಡಣೆ ಸುಲಭ. ಬಾಕ್ಸಿನೊಳಗೆ ಮೂರನೇ ಒಂದು ಭಾಗದಷ್ಟು ಗ್ರೀಸ್ ಸಾಕು. ತುಂಬ ಹಾಕಿದರೆ ಮೋಟಾರ್ ಬಿಸಿಯಾದಾಗ ಮೆತ್ತಗಾಗಿ ಹಿಂದಿನ ಬುಷ್‌ನ ಕಡೆಗೂ ಸುರುಳಿ ತಂತಿಗಳ ಕಡೆಗೂ ಹರಿಯುತ್ತದೆ. ಹಲ್ಲುಗಳ ನಡುವೆ ಬೆರಳಿನಿಂದ ತುಂಬಿ, ರೆಕ್ಕೆ ತಿರುಗಿಸುತ್ತಾ ಬಾಕ್ಸನ್ನು ವರ್ಮಿನ ಮೇಲೆ ಏರಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಲಿಂಕ್ ಜೋಡಿಸುವ ಮೊದಲು ನಾಬ್ ಒತ್ತಿ, ರೆಕ್ಕೆಯನ್ನು ಕೈಯಿಂದ 36 ಸುತ್ತು ತಿರುಗಿಸಿದೆ. ನಾಬಿನ ಗುರುತು ಹೊರಟ ಜಾಗಕ್ಕೇ ಬಂದು ನಿಂತಿತು. ಹೀಗೆ ಬಂದರೆ ಯಾವ ಹಲ್ಲೂ ಜಾರಿಲ್ಲ, ಪಿನ್ ಸೀಳಿನಲ್ಲಿ ಸರಿಯಾಗಿ ಕೂತಿದೆ. ನಡುವೆ ಎಲ್ಲಾದರೂ ಕೈಗೆ ಬಿಗಿ ತಗುಲಿದರೆ ಬಾಕ್ಸ್ ಓರೆಯಾಗಿ ಕೂತಿರುತ್ತದೆ, ಸ್ಕ್ರೂ ಸಡಿಲಿಸಿ ಮತ್ತೆ ಕೂರಿಸಬೇಕು. ಲಿಂಕ್ ಹಾಕಿ ವಿದ್ಯುತ್ತು ಕೊಟ್ಟಾಗ ತಲೆ ನಿಮಿಷಕ್ಕೆ ಐದು ಸಲ, ಎಲ್ಲೂ ತಡೆಯದೆ ಹೋಗಿ ಬಂತು.

ಈ ದುರಸ್ತಿಗೆ ಒಂದು ಮಿತಿಯಿದೆ. ವರ್ಮ್ ಮೋಟಾರಿನ ಶಾಫ್ಟಿನಲ್ಲೇ ಕಡೆದ ಭಾಗವಾದ್ದರಿಂದ ಅದರ ಸುರುಳಿಯ ಅಂಚು ಸವೆದು ಹರಿತವಾಗಿದ್ದರೆ ಹೊಸ ಚಕ್ರವನ್ನು ಅದು ಕೆತ್ತಿಬಿಡುತ್ತದೆ, ಆಗ ರೋಟರನ್ನೇ ಬದಲಿಸಬೇಕಾದೀತು. ಚಕ್ರ ಕೊಳ್ಳುವ ಮೊದಲೇ ವರ್ಮಿನ ಮೇಲೆ ಉಗುರು ಎಳೆದು ನೋಡುವುದು ಲೇಸು. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಸರಿಯಿದೆ. ದೊಡ್ಡಮ್ಮನ ಫ್ಯಾನಿನಲ್ಲಿ ಅದು ನುಣುಪಾಗಿಯೇ ಇತ್ತು. ಲಿಂಕ್ ಪಟ್ಟಿಯ ತೂತು ಮಾತ್ರ ಸ್ವಲ್ಪ ಉದ್ದವಾಗಿ ಸವೆದಿದ್ದು, ತಲೆ ಎರಡೂ ತುದಿಗಳಲ್ಲಿ ದಿಕ್ಕು ಬದಲಿಸುವಾಗ ಸಣ್ಣ ಟಕ್ ಶಬ್ದ ಈಗಲೂ ಕೇಳುತ್ತದೆ. ಅಲ್ಲಿಗೆ ಒಂದು ಹಿತ್ತಾಳೆಯ ಬುಷ್ ಕಡೆಸಿ ಹಾಕಬೇಕೆಂದು ಅಳತೆ ತೆಗೆದಿಟ್ಟಿದ್ದೇನೆ. ಎರಡು ವಾರ ರಾತ್ರಿಯಿಡೀ ಓಡಿದ ಮೇಲೆ ಬಾಕ್ಸಿನ ಮುಚ್ಚಳ ತೆಗೆದು ನೋಡಿದಾಗ ಗ್ರೀಸಿನಲ್ಲಿ ಬಿಳಿಯ ಪುಡಿ ಇರಲಿಲ್ಲ. ದೊಡ್ಡಮ್ಮ ಈಗ ಗುಡಿಸುವ ಮೊದಲು ನಾಬ್ ಎತ್ತುತ್ತಾರೆ.